ಮೂರು ಕ್ಯೂಬ್ ಒಡೆದು ಎಷ್ಟು ಹೇಳಬಹುದು?

ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಬಹಳ ಕಡಿಮೆ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರ ಮೇಜಿನ ಮೇಲೆ ವರದಿಗಳ ರಾಶಿಯೇ ಇರುತ್ತದೆ. ಅವರು ಮೊದಲು ತೆರೆಯುವುದು ಸಾರಾಂಶದ ಪುಟ, ಆಮೇಲೆ ನೇರವಾಗಿ ಕೊನೆಯ ಅಧ್ಯಾಯದ ತೀರ್ಮಾನಗಳು. ಅಲ್ಲಿ ಏನಾದರೂ ಕಣ್ಣಿಗೆ ಚುಚ್ಚಿದರೆ ಮಾತ್ರ ನಡುವಿನ ಕೋಷ್ಟಕಗಳತ್ತ ತಿರುಗುತ್ತಾರೆ. ಹೆಚ್ಚಿನ ಸಲ ಚುಚ್ಚುತ್ತದೆ. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ ಅಚ್ಚುಕಟ್ಟಾಗಿ ಕೆಲಸ ಮಾಡಿದ ಹುಡುಗರೇ ಈ ಎರಡು ಪುಟ ಬರೆಯುವಾಗ ಮಾತ್ರ ಕೈ ಸಡಿಲ ಬಿಟ್ಟಿರುತ್ತಾರೆ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಿಷಯವನ್ನೇ ತೆಗೆದುಕೊಳ್ಳೋಣ. ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲನ್ನು ತೆಗೆದು ಅದರ ಜಾಗದಲ್ಲಿ ಜಿಜಿಬಿಎಸ್ ಹಾಕುವುದು. ಕಬ್ಬಿಣದ ಅದಿರನ್ನು ಊದುಕುಲುಮೆಯಲ್ಲಿ ಕರಗಿಸುವಾಗ ಮೇಲೆ ತೇಲುವ ಕಿಟ್ಟವನ್ನು ನೀರು ಹಾಯಿಸಿ ಥಟ್ಟನೆ ತಣಿಸಿ, ಒಣಗಿಸಿ, ಸಿಮೆಂಟಿನಷ್ಟು ನುಣ್ಣಗೆ ಅರೆದರೆ ಸಿಗುವ ಬಿಳಿ ಪುಡಿ ಅದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದರಿಂದ ನಮ್ಮಲ್ಲಿ ಇದು ಪರಕೀಯ ವಸ್ತುವೇನಲ್ಲ. ಸಿಮೆಂಟಿಗಿಂತ ಇದು ನಿಧಾನವಾಗಿ ಗಟ್ಟಿಯಾಗುತ್ತದೆ. ಸಿಮೆಂಟು ನೀರಿನೊಡನೆ ಸೇರಿದಾಗ ಹುಟ್ಟುವ ಸುಣ್ಣದಂಥ ಕ್ಷಾರವೇ ಇದನ್ನು ಎಬ್ಬಿಸಬೇಕು, ಹಾಗಾಗಿ ಮೊದಲ ವಾರ ಹಿಂದೆ ಬಿದ್ದು ಆಮೇಲೆ ಬೆನ್ನಟ್ಟಿಕೊಂಡು ಬರುತ್ತದೆ.

ಈಗ ಇಂಥ ವರದಿಯೊಂದರ ಸಾರಾಂಶ ನೋಡಿ. ಇದು ಯಾವುದೇ ಒಂದು ಕಾಲೇಜಿನದಲ್ಲ, ವಿವರಣೆಗಾಗಿ ಅಂಕಿಗಳ ಸಮೇತ ನಾನೇ ಜೋಡಿಸಿದ ಮಾದರಿ. ಆದರೆ ಇಂಥ ವರದಿ ಓದಿದವರಿಗೆ ಇದರ ಧಾಟಿ ಗುರುತು ಸಿಗದೆ ಇರದು.

"ಸಿಮೆಂಟ್ ಉತ್ಪಾದನೆಯಿಂದ ಪರಿಸರಕ್ಕೆ ಅಪಾರ ಹಾನಿಯಾಗುತ್ತಿದೆ. ಈ ಅಧ್ಯಯನದಲ್ಲಿ ಸಿಮೆಂಟಿನ ಬದಲು ಜಿಜಿಬಿಎಸ್ ಬಳಸಲಾಗಿದೆ. ಶೇ. 40 ಬದಲಿಕೆಯಲ್ಲಿ ಕಾಂಕ್ರೀಟಿನ ಬಲ ಗಣನೀಯವಾಗಿ ಹೆಚ್ಚಿದ್ದು, ಇದೇ ಅತ್ಯುತ್ತಮ ಪ್ರಮಾಣವೆಂದು ಸಾಬೀತಾಗಿದೆ. ಈ ಕಾಂಕ್ರೀಟು ಅಗ್ಗ, ಬಾಳಿಕೆ ಬರುವಂಥದು ಮತ್ತು ಪರಿಸರಸ್ನೇಹಿ. ಬಹುಮಹಡಿ ಕಟ್ಟಡಗಳಿಗೆ ಇದನ್ನು ಧೈರ್ಯವಾಗಿ ಬಳಸಬಹುದು."

ಓದಲು ಚೆನ್ನಾಗಿದೆ. ಇದರ ಹಿಂದೆ ನಡೆದ ಕೆಲಸ ಇಷ್ಟು: ಎಂ30 ದರ್ಜೆಯ ಕಾಂಕ್ರೀಟು. ಒಂದು ಘನ ಮೀಟರಿಗೆ ಸಿಮೆಂಟು ಮತ್ತು ಜಿಜಿಬಿಎಸ್ ಸೇರಿ 400 ಕಿಲೋ, ನೀರು 180 ಕಿಲೋ. ಜಿಜಿಬಿಎಸ್ ಪಾಲು ಶೇ. 0, 20, 40, 60, ಹೀಗೆ ನಾಲ್ಕು ಮಿಶ್ರಣ. ಪ್ರತಿಯೊಂದರಿಂದ 150 ಮಿಲಿಮೀಟರ್ ಅಳತೆಯ ಆರು ಕ್ಯೂಬ್ ಹಾಕಿ, ಮೂರನ್ನು ಏಳನೇ ದಿನ, ಮೂರನ್ನು ಇಪ್ಪತ್ತೆಂಟನೇ ದಿನ ಒಡೆದಿದ್ದಾರೆ. ಒಟ್ಟು 24 ಕ್ಯೂಬ್. ಒಂದೊಂದು ಮಿಶ್ರಣವನ್ನು ಒಂದೇ ಸಲ ಕಲಸಿದ್ದಾರೆ.

ಒಡೆಯುವುದು ಎಂದರೆ ಕ್ಯೂಬನ್ನು ತೊಟ್ಟಿಯ ನೀರಿನಿಂದ ತೆಗೆದು, ಇನ್ನೂ ಒದ್ದೆಯಿರುವಾಗಲೇ ಮೈ ಒರೆಸಿ ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಇಡುವುದು. ಕರಣೆಯಿಂದ ಉಜ್ಜಿದ ಮೇಲ್ಮೈ ಪಕ್ಕಕ್ಕೆ ಬರಬೇಕು, ಅಚ್ಚಿನ ಗೋಡೆಗೆ ತಾಗಿದ್ದ ನುಣುಪು ಮೈಗಳು ಮೇಲೆ ಕೆಳಗೆ ಬರಬೇಕು. ಭಾರವನ್ನು ಸೆಕೆಂಡಿಗೆ ಸುಮಾರು 5 ಕಿಲೋನ್ಯೂಟನ್ ಲೆಕ್ಕದಲ್ಲಿ ಒಂದೇ ಸಮನೆ ಏರಿಸುತ್ತಾ ಹೋಗಬೇಕು. ಕ್ಯೂಬು ಸಿಡಿದಾಗ ಮುಳ್ಳು ತೋರಿಸಿದ ಭಾರವನ್ನು ಅದರ ಮೇಲ್ಮೈ ವಿಸ್ತೀರ್ಣವಾದ 22,500 ಚದರ ಮಿಲಿಮೀಟರಿನಿಂದ ಭಾಗಿಸಿದರೆ ಬಲ ಮೆಗಾಪಾಸ್ಕಲಿನಲ್ಲಿ ಸಿಗುತ್ತದೆ. 40 ಮೆಗಾಪಾಸ್ಕಲ್ ಎಂದರೆ ಆ ಪುಟ್ಟ ಕ್ಯೂಬು 90 ಟನ್ನಿಗೂ ಮಿಗಿಲಾದ ಭಾರ ಹೊತ್ತು ಒಡೆಯಿತು ಎಂದರ್ಥ. ಮುಳ್ಳನ್ನು ಓದುವುದರಲ್ಲಿ, ಕ್ಯೂಬನ್ನು ನಡುಮಧ್ಯಕ್ಕೆ ಇಡುವುದರಲ್ಲಿ, ಅಚ್ಚಿನಲ್ಲಿ ಕುಟ್ಟುವುದರಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಒಂದೇ ಕಾಂಕ್ರೀಟಿನ ಎರಡು ಕ್ಯೂಬು ಒಂದೇ ಭಾರಕ್ಕೆ ಒಡೆಯುವುದಿಲ್ಲ.

ಇನ್ನು "ಗಣನೀಯ ಹೆಚ್ಚಳ"ದ ಕತೆ. ಇಪ್ಪತ್ತೆಂಟನೇ ದಿನ ಜಿಜಿಬಿಎಸ್ ಇಲ್ಲದ ಮೂರು ಕ್ಯೂಬುಗಳು 38.2, 40.9 ಮತ್ತು 39.1 ಮೆಗಾಪಾಸ್ಕಲಿಗೆ ಒಡೆದವು, ಸರಾಸರಿ 39.4. ಶೇ. 40 ಜಿಜಿಬಿಎಸ್ ಇದ್ದವು 39.6, 43.8 ಮತ್ತು 41.4ಕ್ಕೆ ಒಡೆದವು, ಸರಾಸರಿ 41.6. ಹೆಚ್ಚಳ 2.2 ಮೆಗಾಪಾಸ್ಕಲ್, ಅಂದರೆ ಶೇ. 5.6. ವರದಿಯ ಸ್ತಂಭಚಿತ್ರದಲ್ಲಿ ಶೇ. 40ರ ಕಂಬ ಎದ್ದು ಕಾಣುತ್ತದೆ. ಅದರ ಲಂಬ ಅಕ್ಷ ಸೊನ್ನೆಯ ಬದಲು 30ರಿಂದ ಶುರುವಾಗಿದ್ದರೆ ಇನ್ನೂ ಎದ್ದು ಕಾಣುತ್ತದೆ, ಅದು ಬೇರೆ ಮಾತು.

ಸರಾಸರಿಯನ್ನು ಬಿಟ್ಟು ಬಿಡಿ ಅಂಕಿಗಳನ್ನು ನೋಡಿ. ಜಿಜಿಬಿಎಸ್ ಇಲ್ಲದ ಗುಂಪಿನ ಗಟ್ಟಿ ಕ್ಯೂಬು 40.9, ಜಿಜಿಬಿಎಸ್ ಗುಂಪಿನ ದುರ್ಬಲ ಕ್ಯೂಬು 39.6. ಎರಡು ಗುಂಪುಗಳು ಒಂದರ ಮೇಲೊಂದು ಹಾಯ್ದಿವೆ. ಒಂದೇ ಗುಂಪಿನೊಳಗೇ 4 ಮೆಗಾಪಾಸ್ಕಲಿನಷ್ಟು ಏರುಪೇರು ಇರುವಾಗ ಎರಡು ಸರಾಸರಿಗಳ ನಡುವಿನ 2.2ರ ಅಂತರ ಜಿಜಿಬಿಎಸ್‌ನಿಂದ ಬಂತೋ ಆಕಸ್ಮಿಕವಾಗಿ ಬಂತೋ ಹೇಳುವುದು ಕಷ್ಟ. ಸಂಖ್ಯಾಶಾಸ್ತ್ರದ ವಾಡಿಕೆಯ ಟಿ-ಪರೀಕ್ಷೆ ಮಾಡಿದರೆ, ಮೂರು ಮೂರು ಕ್ಯೂಬುಗಳ ಈ ಎರಡು ಗುಂಪಿಗೆ ಅಂತರ ಸುಮಾರು 4 ಮೆಗಾಪಾಸ್ಕಲ್ ಇದ್ದಿದ್ದರೆ ಮಾತ್ರ ಶೇ. 95ರ ಭರವಸೆಯಲ್ಲಿ ಹೆಚ್ಚಳ ಇದೆ ಅನ್ನಬಹುದಿತ್ತು. ಇಲ್ಲಿ ಅದರ ಅರ್ಧಕ್ಕಿಂತ ಚೂರು ಹೆಚ್ಚು ಇದೆ, ಅಷ್ಟೇ. ಹೆಚ್ಚಳವೇ ಇಲ್ಲ ಎಂದೂ ಇದರ ಅರ್ಥವಲ್ಲ. ಇದ್ದಿರಬಹುದು, ಆದರೆ ಈ ಆರು ಕ್ಯೂಬುಗಳಿಂದ ಅದು ತಿಳಿಯುವುದಿಲ್ಲ.

ಹುಡುಗರು ಇಲ್ಲಿ ಐಎಸ್ 516ರ ನಿಯಮವನ್ನು ಎತ್ತಿ ತೋರಿಸುವುದುಂಟು. ಬಿಡಿ ಕ್ಯೂಬಿನ ಬಲ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎನ್ನುತ್ತದೆ ಅದು. ನಮ್ಮ ಅಂಕಿಗಳು ಅದರೊಳಗೇ ಇವೆ, ಹಾಗಾದರೆ ಸರಿಯಲ್ಲವೇ? ಮೂರು ಕ್ಯೂಬುಗಳ ಸರಾಸರಿಯನ್ನು ಪರೀಕ್ಷೆಯ ಫಲಿತಾಂಶವೆಂದು ಒಪ್ಪಬಹುದು ಎಂಬುದಕ್ಕೆ ಆ ನಿಯಮ ಸಾಕು. ಎರಡು ಸರಾಸರಿಗಳಲ್ಲಿ ಯಾವುದು ನಿಜಕ್ಕೂ ಮೇಲು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಒಂದೇ ಕಲಸಿನ ಮೂರು ಕ್ಯೂಬು ಮೂರು ಬೇರೆ ಬೇರೆ ಪ್ರಯೋಗಗಳಲ್ಲ, ಒಂದೇ ಹಿಟ್ಟಿನಿಂದ ಹೊಯ್ದ ಮೂರು ದೋಸೆಗಳಂತೆ. ಉಪ್ಪು ಹೆಚ್ಚಾಗಿದ್ದರೆ ಮೂರಕ್ಕೂ ಹೆಚ್ಚಾಗಿರುತ್ತದೆ. ಕಾಂಕ್ರೀಟಿನಲ್ಲಿ ಆ ಉಪ್ಪಿನ ಕೆಲಸ ಮಾಡುವುದು ಮರಳಿನ ತೇವ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 700 ಕಿಲೋ ಎಂ-ಸ್ಯಾಂಡ್ ಬೀಳುತ್ತದೆ ಅಂದುಕೊಳ್ಳಿ. ಅದರ ತೇವವನ್ನು ಅಂದಾಜು ಮಾಡುವುದರಲ್ಲಿ ಶೇ. 1ರಷ್ಟು ತಪ್ಪಿದರೆ 7 ಕಿಲೋ ನೀರು ಲೆಕ್ಕ ತಪ್ಪಿತು. 180ರ ಜಾಗದಲ್ಲಿ 173 ಕಿಲೋ ನೀರು ಬಿದ್ದರೆ ನೀರು-ಸಿಮೆಂಟ್ ಅನುಪಾತ 0.45ರಿಂದ 0.43ರ ಹತ್ತಿರಕ್ಕೆ ಇಳಿಯುತ್ತದೆ, ಬಲ ಅಷ್ಟಕ್ಕೇ ಐದಾರು ಶೇಕಡಾ ಏರಬಹುದು. ಅಂದರೆ ಇಡೀ ವರದಿ ಯಾವ ಹೆಚ್ಚಳದ ಮೇಲೆ ನಿಂತಿದೆಯೋ ಅಷ್ಟೇ ಹೆಚ್ಚಳ, ಮೋಡದ ದಿನ ಕಲಸಿದ ಮಿಶ್ರಣಕ್ಕೂ ಬಿಸಿಲಿನ ದಿನ ಕಲಸಿದ ಮಿಶ್ರಣಕ್ಕೂ ನಡುವೆ ತಾನಾಗಿಯೇ ಬಂದುಬಿಡಬಹುದು. ಸ್ಲಂಪ್ ಅಳೆದು ಪ್ರತಿ ಕಲಸಿಗೂ ಬರೆದಿಟ್ಟಿದ್ದರೆ ಸ್ವಲ್ಪ ಸುಳಿವು ಸಿಗುತ್ತದೆ. ಒಂದು ಕಲಸು ಮಾತ್ರ ಬಿಗಿಯಾಗಿ ಬಂದಿದ್ದರೆ ನೀರಿನ ಬಗ್ಗೆ ಅನುಮಾನ ಪಡಬೇಕು. ಆದರೂ ಪೂರ್ತಿ ಖಾತ್ರಿ ಬೇಕೆಂದರೆ ಅದೇ ಮಿಶ್ರಣವನ್ನು ಬೇರೆ ದಿನ ಮತ್ತೆ ಕಲಸಲೇಬೇಕು.

"ಇದೇ ಅತ್ಯುತ್ತಮ ಪ್ರಮಾಣ" ಎನ್ನುವ ಮಾತಿಗೆ ವೈವಾದಲ್ಲಿ ಎರಡೇ ಪ್ರಶ್ನೆ ಸಾಕು.

"ನಲವತ್ತೇ ಯಾಕಪ್ಪಾ ಬೆಸ್ಟು? ಮೂವತ್ತೈದು ಯಾಕಲ್ಲ?"

"ಸರ್, ಮೂವತ್ತೈದು ನಾವು ಹಾಕಿಲ್ಲ ಸರ್."

"ಮತ್ತೆ ಐವತ್ತು?"

"ಅದೂ ಹಾಕಿಲ್ಲ ಸರ್."

ಶೇ. 20ರ ಸರಾಸರಿ 40.3, ಶೇ. 40ರದು 41.6, ಶೇ. 60ರದು 35.8. ಶಿಖರ ಎಂಬುದು ನಿಜಕ್ಕೂ ಇದ್ದರೆ ಅದು 20 ಮತ್ತು 60ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಪ್ರಯೋಗ ಮಾಡಿದ ನಾಲ್ಕರಲ್ಲಿ ಶೇ. 40ಕ್ಕೆ ಹೆಚ್ಚಿನ ಸರಾಸರಿ ಬಂತು, ಅಷ್ಟನ್ನು ಹೇಳಬಹುದು. ಶೇ. 60ರ ವಿಷಯದಲ್ಲೂ ಒಂದು ಎಡವಟ್ಟು ಆಗುತ್ತದೆ. ಮಿಶ್ರಣ ವಿನ್ಯಾಸದಲ್ಲಿ ಇಟ್ಟುಕೊಂಡ ಗುರಿ 38.25, ಬಂದದ್ದು 35.8, ಆದ್ದರಿಂದ "ವಿಫಲ" ಎಂದು ಬರೆಯುತ್ತಾರೆ. ಆ 38.25 ಎಲ್ಲಿಂದ ಬಂತೆಂದರೆ, ಎಂ30ಕ್ಕೆ ಬೇಕಾದ 30ರ ಮೇಲೆ ಸೈಟಿನ ಏರುಪೇರಿಗೆಂದು 8.25 ಸೇರಿಸಿ ಐಎಸ್ 10262ರ ಸೂತ್ರದಂತೆ ಇಟ್ಟುಕೊಂಡ ಅಂಕಿ ಅದು. ಅದಕ್ಕಿಂತ ಕೆಳಗಿದೆ ಎಂದರೆ ಭದ್ರತೆಯ ಅಂತರ ಕಡಿಮೆಯಾಗಿದೆ ಎಂದರ್ಥವೇ ಹೊರತು ಎಂ30 ಅಲ್ಲವೆಂದಲ್ಲ. ಹಾಗೆಂದು ಮೂರು ಕ್ಯೂಬುಗಳ ಮೇಲೆ ಎಂ30 ಹೌದು ಎಂದೂ ಸರ್ಟಿಫಿಕೇಟು ಕೊಡಲಾಗದು. ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದಾದ ಮಾತು ಒಂದಿದೆ: ಶೇ. 60ರ ಮೂರೂ ಕ್ಯೂಬುಗಳು, 34.6, 37.1, 35.7, ಜಿಜಿಬಿಎಸ್ ಇಲ್ಲದ ಅತ್ಯಂತ ದುರ್ಬಲ ಕ್ಯೂಬಿಗಿಂತಲೂ ಕೆಳಗೇ ಒಡೆದಿವೆ.

ನನಗೆ ನಿಜಕ್ಕೂ ಬೇಸರ ತರಿಸುವುದು ಸಾರಾಂಶದಲ್ಲಿ ಇಲ್ಲದೇ ಹೋದ ಸಂಗತಿ. ಏಳನೇ ದಿನದ ಕೋಷ್ಟಕ ಎಲ್ಲೋ ಒಳಪುಟದಲ್ಲಿ ಕೂತಿದೆ. ಅಂದು ಜಿಜಿಬಿಎಸ್ ಇಲ್ಲದ ಕ್ಯೂಬುಗಳು 26.4, 28.1, 27.4ಕ್ಕೆ ಒಡೆದಿದ್ದವು, ಶೇ. 40 ಇದ್ದವು 20.7, 22.5, 21.6ಕ್ಕೆ. ಸರಾಸರಿ 27.3 ಮತ್ತು 21.6, ಅಂದರೆ ಶೇ. 21ರಷ್ಟು ಕಡಿಮೆ. ಇಲ್ಲಿ ಗುಂಪುಗಳು ಹಾಯ್ದಿಲ್ಲ. ಈ ಗುಂಪಿನ ಗಟ್ಟಿ ಕ್ಯೂಬಿಗೂ ಆ ಗುಂಪಿನ ದುರ್ಬಲ ಕ್ಯೂಬಿಗೂ ನಡುವೆ ಸುಮಾರು 4 ಮೆಗಾಪಾಸ್ಕಲ್ ಬಯಲು ಬಿದ್ದಿದೆ. ಮರಳಿನ ತೇವದ ಮೇಲೆ ಹಾಕಿ ತಳ್ಳಿಬಿಡಲಾಗದಷ್ಟು ದೊಡ್ಡ ಅಂತರ ಇದು, ಜಿಜಿಬಿಎಸ್ ನಿಧಾನ ಎಂಬ ತಿಳಿದ ರಸಾಯನಶಾಸ್ತ್ರಕ್ಕೂ ಹೊಂದುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವ ಶೋಧನೆ ಇದೇ. ಆದರೆ ಕಡಿಮೆ ಬಂತು ಎಂದು ಬರೆದರೆ ಪ್ರಾಜೆಕ್ಟು ಸೋತಂತೆ ಎಂಬ ಭಾವನೆಯಿಂದ ಅದನ್ನು ಬಿಟ್ಟಿದ್ದಾರೆ.

ಸೈಟಿನಲ್ಲಿರುವ ಮೇಸ್ತ್ರಿಗೆ ಬೇಕಾದದ್ದು ಈ ಸಾಲೇ. ಸ್ಲ್ಯಾಬ್ ಹಾಕಿದ ಮೇಲೆ ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು ಎಂಬುದಕ್ಕೆ ಐಎಸ್ 456ರಲ್ಲಿ ದಿನಗಳ ಲೆಕ್ಕವಿದೆ. ಕಂಬದಿಂದ ಕಂಬಕ್ಕೆ ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಾದರೆ ಅಡಿಯ ಆಸರೆಯನ್ನು ಏಳು ದಿನಕ್ಕೆ ತೆಗೆಯಬಹುದು. ಆದರೆ ಆ ಲೆಕ್ಕ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಮಾತ್ರ, ಬೇರೆ ಸಿಮೆಂಟಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು ಎಂದು ಅಲ್ಲಿಯೇ ಬರೆದಿದೆ. ಏಳನೇ ದಿನಕ್ಕೆ ಐದನೆಯ ಒಂದು ಭಾಗ ಬಲ ಕಡಿಮೆ ಇರುವ ಕಾಂಕ್ರೀಟಿನ ಅಡಿಯಿಂದ ಹಳೇ ಲೆಕ್ಕದಲ್ಲಿ ಆಸರೆ ಕಿತ್ತರೆ ಸ್ಲ್ಯಾಬು ಬಾಗಬಹುದು, ಬಿರುಕು ಬಿಡಬಹುದು. "ಧೈರ್ಯವಾಗಿ ಬಳಸಬಹುದು" ಎಂದು ಬರೆದ ಪುಟದಲ್ಲಿ ಈ ಎಚ್ಚರಿಕೆ ಇಲ್ಲದಿರುವುದು ಸಣ್ಣ ಲೋಪವಲ್ಲ.

ಉಳಿದ ವಿಶೇಷಣಗಳನ್ನು ಬೇಗ ಮುಗಿಸಬಹುದು. ಬಾಳಿಕೆ ಎಂದಿದ್ದಾರೆ, ಆದರೆ ಉಪ್ಪಿನಂಶ ಒಳಹೊಗುವ ಪರೀಕ್ಷೆಯಾಗಲಿ ನೀರು ಹೀರುವ ಪರೀಕ್ಷೆಯಾಗಲಿ ಮಾಡಿಲ್ಲ. ಜಿಜಿಬಿಎಸ್ ಕಾಂಕ್ರೀಟು ಉಪ್ಪುನೀರಿಗೆ ಚೆನ್ನಾಗಿ ತಡೆಯೊಡ್ಡುತ್ತದೆ ಎಂಬುದು ಬೇರೆಯವರು ತೋರಿಸಿಕೊಟ್ಟ ವಿಷಯ, ಅದರ ಜಾಗ ಎರಡನೇ ಅಧ್ಯಾಯದ ಹಿಂದಿನ ಅಧ್ಯಯನಗಳ ಸಮೀಕ್ಷೆಯಲ್ಲಿ. ಅಗ್ಗ ಎನ್ನಬೇಕಾದರೆ ಯಾವ ಊರಿನಲ್ಲಿ, ಯಾವ ತಿಂಗಳ ದರ, ಲಾರಿ ಬಾಡಿಗೆ ಸೇರಿಸಿ ಎಷ್ಟು ಎಂದು ಬರೆಯಬೇಕು. ತೋರಣಗಲ್ಲಿನ ಪಕ್ಕದ ಹೊಸಪೇಟೆಗೆ ಬಂದ ಲೆಕ್ಕ ಮಂಗಳೂರಿಗೆ ಬರುವುದಿಲ್ಲ. ಬಹುಮಹಡಿ ಕಟ್ಟಡದ ಮಾತಂತೂ ದೂರ ಉಳಿಯಿತು. ಇಲ್ಲಿ ಕಂಬಿ ಹಾಕಿದ ಒಂದು ಬೀಮನ್ನೂ ಪರೀಕ್ಷಿಸಿಲ್ಲ. ಕ್ಯೂಬು ಒತ್ತಡಕ್ಕೆ ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ. ಬಾಗುವಿಕೆ, ಕತ್ತರಿಸುವ ಬಲ, ಕಂಬಿಗೂ ಕಾಂಕ್ರೀಟಿಗೂ ಇರುವ ಹಿಡಿತ, ವರ್ಷಾನುಗಟ್ಟಲೆ ಭಾರ ಹೊತ್ತಾಗಿನ ಕುಗ್ಗುವಿಕೆ, ಇವು ಅದರಿಂದ ತಾವಾಗಿ ತಿಳಿಯುವುದಿಲ್ಲ.

ಹಾಗಾದರೆ ಇದೇ ಕೆಲಸಕ್ಕೆ ಸಾರಾಂಶ ಹೇಗಿರಬೇಕಿತ್ತು? ನಾನಾದರೆ ಹೀಗೆ ಬರೆಯುತ್ತೇನೆ:

"ಎಂ30 ಕಾಂಕ್ರೀಟಿನಲ್ಲಿ ಸಿಮೆಂಟಿನ ತೂಕದ ಶೇ. 0, 20, 40 ಮತ್ತು 60 ಪಾಲನ್ನು ಜಿಜಿಬಿಎಸ್‌ನಿಂದ ಬದಲಿಸಿ, 7 ಮತ್ತು 28 ದಿನಗಳ ಒತ್ತಡ ಬಲವನ್ನು 150 ಮಿಮೀ ಕ್ಯೂಬುಗಳ ಮೇಲೆ ಅಳೆಯಲಾಯಿತು. ನೀರು ಮತ್ತು ಒಟ್ಟು ಬಂಧಕದ ಅನುಪಾತ 0.45. ಪ್ರತಿ ಮಿಶ್ರಣವನ್ನು ಒಮ್ಮೆ ಕಲಸಿ, ಪ್ರತಿ ವಯಸ್ಸಿಗೆ ಮೂರು ಕ್ಯೂಬು ಪರೀಕ್ಷಿಸಲಾಯಿತು. 7 ದಿನಕ್ಕೆ ಶೇ. 40 ಮಿಶ್ರಣದ ಸರಾಸರಿ ಬಲ (21.6 ಮೆಗಾಪಾಸ್ಕಲ್) ಜಿಜಿಬಿಎಸ್ ಇಲ್ಲದ ಮಿಶ್ರಣಕ್ಕಿಂತ (27.3) ಶೇ. 21 ಕಡಿಮೆ ಇತ್ತು. 28 ದಿನಕ್ಕೆ ಶೇ. 20 ಮತ್ತು 40 ಮಿಶ್ರಣಗಳ ಸರಾಸರಿ 40.3 ಮತ್ತು 41.6 ಆಗಿದ್ದು, ಜಿಜಿಬಿಎಸ್ ಇಲ್ಲದ ಮಿಶ್ರಣದ 39.4ರಿಂದ ಇವು ಬೇರೆಯೆಂದು ಹೇಳಲು ಕ್ಯೂಬುಗಳ ನಡುವಿನ ಏರುಪೇರು ಅವಕಾಶ ಕೊಡುವುದಿಲ್ಲ. ಶೇ. 60 ಮಿಶ್ರಣದ ಬಲ (35.8) ಕಡಿಮೆ ಇತ್ತು. 28 ದಿನದ ನಂತರದ ಬಲ, ಬಾಳಿಕೆ ಮತ್ತು ಕಂಬಿ ಹಾಕಿದ ಭಾಗಗಳ ವರ್ತನೆಯನ್ನು ಪರೀಕ್ಷಿಸಿಲ್ಲ."

ಇದು ಪೆಚ್ಚಾಗಿದೆ, ಮಾರ್ಕ್ಸ್ ಬರುವುದಿಲ್ಲ ಎಂದು ಹುಡುಗರು ಅಂಜುತ್ತಾರೆ. ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ, ಮೆರುಗಿನ ಮಾತಿಗೆ ತಲೆದೂಗುವ ಪರೀಕ್ಷಕರೂ ಇದ್ದಾರೆ. ಆದರೆ ಇದರಲ್ಲಿ ಪ್ರಯೋಜನಕ್ಕೆ ಬರುವ ಮಾತು ಮೊದಲಿನದಕ್ಕಿಂತ ಹೆಚ್ಚಿದೆ. 28 ದಿನಕ್ಕೆ ಸಿಮೆಂಟಿನ ಶೇ. 40 ತೆಗೆದರೂ ಬಲ ಕುಸಿದಂತೆ ಕಾಣಲಿಲ್ಲ ಎಂಬುದು ಕಡಿಮೆ ಸುದ್ದಿಯೇ? ಘನ ಮೀಟರಿಗೆ 160 ಕಿಲೋ ಸಿಮೆಂಟು ಉಳಿಯಿತು. ಬಲ ಹೆಚ್ಚಿತು ಎಂದು ಜಂಬ ಕೊಚ್ಚುವ ಅಗತ್ಯವೇ ಇರಲಿಲ್ಲ.

ತೀರ್ಮಾನಗಳ ಪುಟದ ಕೆಲಸ ಬೇರೆ. ಸಾರಾಂಶವನ್ನೇ ಎತ್ತಿ ಅಂಟಿಸಿದರೆ ಅದು ವ್ಯರ್ಥ. ಸಾರಾಂಶ ಇಡೀ ಕೆಲಸವನ್ನು ಓದದವರಿಗೆ, ತೀರ್ಮಾನ ಓದಿ ಮುಗಿಸಿದವರಿಗೆ. ಅಲ್ಲಿ ಪ್ರತಿ ಮಾತೂ ಯಾವ ಕೋಷ್ಟಕದಿಂದ ಬಂತು, ಎಷ್ಟರ ಮಟ್ಟಿಗೆ ನಿಲ್ಲುತ್ತದೆ, ಯಾಕೆ ಹೀಗಾಗಿರಬಹುದು ಎಂಬುದು ಬರಬೇಕು. ಕಾರಣವನ್ನು ಹೇಳುವಾಗ ಇನ್ನಷ್ಟು ಜೋಪಾನ ಬೇಕು. "ಜಿಜಿಬಿಎಸ್ ಕಣಗಳು ರಂಧ್ರಗಳನ್ನು ತುಂಬಿದ್ದರಿಂದ ಬಲ ಹೆಚ್ಚಿತು" ಎಂದು ಬರೆಯುತ್ತಾರೆ, ರಂಧ್ರಗಳನ್ನು ನೋಡಿದವರು ಯಾರೂ ಇಲ್ಲ. "ಏಳು ದಿನದ ಕಡಿಮೆ ಬಲಕ್ಕೆ ಜಿಜಿಬಿಎಸ್‌ನ ನಿಧಾನ ಪ್ರತಿಕ್ರಿಯೆ ಕಾರಣವಿರಬಹುದು, ಹಿಂದಿನ ಅಧ್ಯಯನಗಳೂ ಇದನ್ನೇ ಹೇಳುತ್ತವೆ" ಎಂದರೆ ಯಾವುದು ತಮ್ಮದು, ಯಾವುದು ಬೇರೆಯವರದು ಎಂದು ಓದುವವನಿಗೆ ಗೊತ್ತಾಗುತ್ತದೆ.

ಇದರ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಪ್ರತಿ ಸಾಲಿಗೂ "ಬಹುಶಃ", "ಇರಬಹುದು" ಅಂಟಿಸಿ, ಕೊನೆಗೆ "ಮಾನವ ದೋಷಗಳ ಸಾಧ್ಯತೆ ಇದೆ" ಎಂದು ಕೈ ತೊಳೆದುಕೊಳ್ಳುತ್ತಾರೆ. ಏಳನೇ ದಿನ ಬಲ ಕಡಿಮೆಯಿತ್ತು ಎಂಬುದಕ್ಕೆ ಬಹುಶಃ ಬೇಕಿಲ್ಲ, ಅದು ಕಂಡದ್ದು. ಮಿತಿ ಹೇಳುವುದಿದ್ದರೆ ಹೆಸರು ಹಿಡಿದು ಹೇಳಬೇಕು: ಒಂದೇ ಕಲಸು, ಮೂರೇ ಕ್ಯೂಬು, ಒಂದೇ ಮೂಲದ ಜಿಜಿಬಿಎಸ್, 28 ದಿನ ಮಾತ್ರ.

ಮಿತಿಯನ್ನು ಹೀಗೆ ಹೆಸರಿಸಿದಾಗ ಮುಂದಿನ ಕೆಲಸದ ಸಾಲೂ ತಾನಾಗಿ ಸಿಗುತ್ತದೆ. "ಸಿಲಿಕಾ ಫ್ಯೂಮ್, ನಾರು, ನ್ಯಾನೋ ವಸ್ತುಗಳನ್ನು ಸೇರಿಸಿ ಅಧ್ಯಯನ ಮಾಡಬಹುದು" ಎಂಬ ಪಟ್ಟಿಯನ್ನು ಯಾವ ವರದಿಗೂ ಅಂಟಿಸಬಹುದು. ಈ ವರದಿಗೆ ಬೇಕಾದದ್ದು ಬೇರೆ. ಮುಂದಿನ ವರ್ಷದ ತಂಡಕ್ಕೂ 24 ಅಚ್ಚಿನಷ್ಟೇ ಸಾಮಗ್ರಿ ಸಿಕ್ಕರೆ ನಾಲ್ಕು ಮಿಶ್ರಣ ಬೇಡ, ಶೇ. 0 ಮತ್ತು 40 ಎರಡೇ ಇಟ್ಟುಕೊಳ್ಳಲಿ. ಪ್ರತಿಯೊಂದನ್ನೂ ಎರಡು ಬೇರೆ ದಿನ, ಪ್ರತಿ ಸಲ ಮರಳಿನ ತೇವ ಒಲೆಯಲ್ಲಿ ಒಣಗಿಸಿ ಅಳೆದುಕೊಂಡು ಕಲಸಲಿ. ಪ್ರತಿ ಕಲಸಿನಿಂದ ಆರು ಕ್ಯೂಬು ಹಾಕಿ, ಮೂರನ್ನು 28 ದಿನಕ್ಕೆ, ಮೂರನ್ನು 90 ದಿನಕ್ಕೆ ಒಡೆಯಲಿ. ಏಳು ದಿನದ ಉತ್ತರ ಈಗಾಗಲೇ ಈ ತಂಡದ ಹತ್ತಿರ ಇದೆ. ಒಂದೇ ತೊಡಕೆಂದರೆ ತೊಂಬತ್ತು ದಿನದ ಕ್ಯೂಬಿಗೆ ಸೆಮಿಸ್ಟರಿನ ಮೊದಲ ವಾರದಲ್ಲೇ ಕಾಂಕ್ರೀಟು ಕಲಸಬೇಕು. ಪ್ರಾಜೆಕ್ಟಿನ ವಿಷಯಕ್ಕೆ ಒಪ್ಪಿಗೆ ಸಿಗುವ ಹೊತ್ತಿಗೇ ಒಂದು ತಿಂಗಳು ಕಳೆದಿರುತ್ತದೆ.